ಸಿಂಗಲ್ ಫೇಸ್ ಮೋಟಾರು ಗುಂಯ್ ಅಂತ ನಿಂತರೆ ಒಳಗೆ ನಡೆಯುತ್ತಿರುವುದೇನು?

ಹೋದ ತಿಂಗಳು ನನ್ನ ಭಾವಮೈದುನ ಎಡಗೈಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡ. ಅವನ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೆಷಿನ್ ಇದೆ, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನದು. ಕೆಲವು ದಿನಗಳಿಂದ ಅದು ಸ್ವಿಚ್ ಹಾಕಿದರೆ ಗುಂಯ್ ಅಂತ ಸದ್ದು ಮಾಡಿ ಅಲ್ಲೇ ನಿಲ್ಲುತ್ತಿತ್ತಂತೆ. ದೊಡ್ಡ ಚಕ್ರಕ್ಕೆ ಕೈಯಲ್ಲಿ ಒಂದು ನೂಕು ಕೊಟ್ಟರೆ ಓಡಲು ಶುರು ಮಾಡುತ್ತಿತ್ತು. ರಿಪೇರಿಗೆ ಹಾಕಿದರೆ ನಾಲ್ಕು ದಿನ ಮೇವು ಕುಡುಗೋಲಿನಲ್ಲೇ ಕೊಚ್ಚಬೇಕು, ಹಾಗಾಗಿ ದಿನಾ ನೂಕಿಕೊಂಡೇ ಕೆಲಸ ನಡೆಸಿದ್ದಾನೆ. ಒಂದು ಸಂಜೆ ನೂಕುವಾಗ ಚಕ್ರ ಮುಂದಕ್ಕೆ ಹೋಗದೆ ಚೂರು ಹಿಂದಕ್ಕೆ ಜಾರಿತು. ಮೋಟಾರು ಹಿಂದಕ್ಕೇ ಹಿಡಿದುಕೊಂಡು ಓಡಿತು. ಅಂಗಿಯ ತೋಳು ಚಕ್ರದ ಕಡ್ಡಿಗೆ ಸಿಕ್ಕಿ ಕೈ ಒಳಗೆ ಎಳೆಯಿತು. ಪಕ್ಕದಲ್ಲಿದ್ದ ಅವನ ಮಗಳು ಸ್ವಿಚ್ ಆರಿಸಿದ್ದರಿಂದ ಬೆರಳು ಉಳಿದವು.

ನೋಡಲು ಹೋದಾಗ ಅವನು ಕೇಳಿದ್ದು ಒಂದೇ ಮಾತು. "ಭಾವ, ಮೋಟಾರು ಹಿಂದಕ್ಕೂ ಓಡುತ್ತಾ? ಇಷ್ಟು ವರ್ಷ ಒಂದೇ ಕಡೆ ತಿರುಗಿದ್ದು ಅದು."

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಹದಿನೆಂಟು ವರ್ಷ ವೈಂಡಿಂಗ್ ಅಂಗಡಿ ಇಟ್ಟವನು. ಈಗ ತೆಂಗಿನ ತೋಟದ ಜೊತೆಗೆ ಆಗೊಂದು ಈಗೊಂದು ಮೋಟಾರು ನೋಡುತ್ತೇನೆ. ಅಂಗಡಿಗೆ ಬರುತ್ತಿದ್ದ ಸಿಂಗಲ್ ಫೇಸ್ ಮೋಟಾರುಗಳಲ್ಲಿ ಬಹುಪಾಲು ಇದೇ ಕಾಯಿಲೆಯವು. ಭಾವಮೈದುನನ ಪ್ರಶ್ನೆಗೆ ಉತ್ತರ ಗೊತ್ತಾದರೆ ಮೋಟಾರು ಯಾಕೆ ನಿಂತಿತು, ಯಾವ ಭಾಗ ಕೆಟ್ಟಿದೆ, ಯಾವುದನ್ನು ಮುಟ್ಟಬಾರದು ಎಲ್ಲವೂ ಗೊತ್ತಾಗುತ್ತದೆ. ಅದನ್ನೇ ಈ ವಾರ ಬರೆಯುತ್ತಿದ್ದೇನೆ.

ತಿರುಗದ ಕಾಂತ

ಮೋಟಾರಿನ ಮಧ್ಯೆ ತಿರುಗುವ ರೋಟರ್‌ಗೆ ಹೊರಗಿನಿಂದ ಯಾವ ವೈರೂ ಹೋಗುವುದಿಲ್ಲ. ಕಬ್ಬಿಣದ ತಗಡುಗಳ ಉರುಳೆ, ಅದರೊಳಗೆ ಅಲ್ಯೂಮಿನಿಯಂ ಸರಳುಗಳು, ಅಷ್ಟೇ. ಸುತ್ತ ಇರುವ ಸ್ಟೇಟರ್‌ನ ಕಾಂತಕ್ಷೇತ್ರ ಈ ಸರಳುಗಳನ್ನು ದಾಟಿಕೊಂಡು ಹೋದಾಗ ಸರಳಿನಲ್ಲಿ ಕರೆಂಟು ಹುಟ್ಟುತ್ತದೆ. ಆ ಕರೆಂಟಿಗೂ ಕಾಂತಕ್ಕೂ ಎಳೆದಾಟವಾಗಿ, ಕಾಂತ ಹೋದ ಕಡೆಗೆ ರೋಟರ್ ಹಿಂಬಾಲಿಸುತ್ತದೆ. ಅಂದರೆ ರೋಟರ್ ತಿರುಗಬೇಕಾದರೆ ಮೊದಲು ಕಾಂತ ತಿರುಗಬೇಕು.

ಮೂರು ಫೇಸಿನ ಬೋರ್‌ವೆಲ್ ಮೋಟಾರಿನಲ್ಲಿ ಇದು ಸುಲಭ. ಮೂರು ಕರೆಂಟು ಒಂದರ ಹಿಂದೆ ಒಂದು ಏರುತ್ತವೆ, ಕಾಂತದ ತುದಿ ಸುತ್ತಲೂ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಸಿಂಗಲ್ ಫೇಸಿನಲ್ಲಿ ಮುಖ್ಯ ಸುರುಳಿ ಒಂದೇ. ಅಂಗಡಿ ಭಾಷೆಯಲ್ಲಿ ರನ್ನಿಂಗ್ ವೈಂಡಿಂಗ್ ಅನ್ನುತ್ತೇವೆ. ಅದರ ಕಾಂತ ಪೂರ್ವಕ್ಕೆ ಏರಿ, ಇಳಿದು ಸೊನ್ನೆಯಾಗಿ, ಪಶ್ಚಿಮಕ್ಕೆ ಏರಿ, ಮತ್ತೆ ಸೊನ್ನೆಯಾಗುತ್ತದೆ. ಸೆಕೆಂಡಿಗೆ 50 ಸಲ ಹೀಗೆ ಒಂದೇ ಗೆರೆಯ ಮೇಲೆ ಹೋಗಿಬರುತ್ತದೆಯೇ ಹೊರತು ಸುತ್ತು ಹೊಡೆಯುವುದಿಲ್ಲ.

ಹಾಗಾದರೆ ಕೈಯಲ್ಲಿ ನೂಕಿದ ಮೇಲೆ ಅದೇ ಸುರುಳಿ ರೋಟರನ್ನು ಹೇಗೆ ಓಡಿಸುತ್ತದೆ? ಡಿಪ್ಲೊಮಾದಲ್ಲಿ ಓದುವಾಗ ನನಗೂ ಇದು ತಲೆಗೆ ಹೋಗಿರಲಿಲ್ಲ. ತಲೆಗೆ ಹೋದದ್ದು ಅರಳಿಕಟ್ಟೆಯ ಮೇಲೆ ಕೂತು ಮಕ್ಕಳ ಆಟ ನೋಡುವಾಗ.

ಕಟ್ಟೆಯ ಪೂರ್ವದ ಅಂಚಿನಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ನಿಂತಿದ್ದಾರೆ ಅಂದುಕೊಳ್ಳಿ. ಇಬ್ಬರದೂ ಒಂದೇ ವೇಗ, ಆದರೆ ಒಬ್ಬ ಬಲಕ್ಕೆ ಸುತ್ತುತ್ತಾನೆ, ಇನ್ನೊಬ್ಬ ಎಡಕ್ಕೆ. ಒಬ್ಬ ಎಷ್ಟು ಉತ್ತರಕ್ಕೆ ಸರಿದಿರುತ್ತಾನೋ ಇನ್ನೊಬ್ಬ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಆ ಲೆಕ್ಕ ಒಂದಕ್ಕೊಂದು ವಜಾ. ಪೂರ್ವ–ಪಶ್ಚಿಮದ ಲೆಕ್ಕದಲ್ಲಿ ಮಾತ್ರ ಇಬ್ಬರೂ ಯಾವಾಗಲೂ ಒಂದೇ ಕಡೆ ಇರುತ್ತಾರೆ, ಅದು ಕೂಡಿಕೊಳ್ಳುತ್ತದೆ. ಹಾಗಾಗಿ ಇಬ್ಬರನ್ನೂ ಸೇರಿಸಿ ನೋಡಿದರೆ ಮೊತ್ತವು ಪೂರ್ವದಿಂದ ಪಶ್ಚಿಮಕ್ಕೆ, ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಗೆರೆಯಲ್ಲಿ ಹೋಗಿಬರುತ್ತದೆ. ನಮ್ಮ ರನ್ನಿಂಗ್ ವೈಂಡಿಂಗಿನ ಕಾಂತ ಮಾಡುವುದೂ ಇದನ್ನೇ ತಾನೇ?

ಅಂದರೆ ಒಂದೇ ಗೆರೆಯಲ್ಲಿ ಹೋಗಿಬರುವ ಕಾಂತವನ್ನು, ಎದುರುಬದುರಾಗಿ ಸುತ್ತುವ ಎರಡು ಕಾಂತಗಳ ಜೋಡಿ ಅಂತ ತಿಳಿಯಬಹುದು. ಪ್ರತಿಯೊಂದರ ಬಲ ಒಟ್ಟಿನ ಅರ್ಧ. ಒಂದನ್ನು ಮುಂದಿನ ಕಾಂತ, ಇನ್ನೊಂದನ್ನು ಹಿಂದಿನ ಕಾಂತ ಅನ್ನೋಣ. ಇದಕ್ಕೇ ಪುಸ್ತಕದಲ್ಲಿ ಡಬಲ್ ರಿವಾಲ್ವಿಂಗ್ ಫೀಲ್ಡ್ ಅನ್ನುತ್ತಾರೆ.

ನಿಂತ ರೋಟರ್‌ಗೆ ಎರಡೂ ಕಾಂತ ಒಂದೇ. ಮುಂದಿನದು ಎಷ್ಟು ಎಳೆಯುತ್ತದೋ ಹಿಂದಿನದೂ ಅಷ್ಟೇ ಎಳೆಯುತ್ತದೆ. ಸರಿಸಮ ಬಲದವರ ಹಗ್ಗಜಗ್ಗಾಟ. ರೋಟರ್ ಅಲ್ಲಾಡುವುದಿಲ್ಲ. ಮೋಟಾರಿಗೆ ಶಕ್ತಿ ಇಲ್ಲ ಅಂತಲ್ಲ, ಎರಡೂ ಕಡೆ ಶಕ್ತಿ ಇದೆ. ಕೇಳಿಸುವ ಗುಂಯ್ ಸದ್ದು, ಕಾಂತ ಪ್ರತಿ ಸೆಕೆಂಡಿಗೆ ನೂರು ಸಲ ಏರಿ ಇಳಿದು ಕಬ್ಬಿಣವನ್ನು ಅದುರಿಸುವುದು.

ನೂಕಿದರೆ ಬದಲಾಗುವುದೇನು?

ನಾಲ್ಕು ಪೋಲಿನ ಮೋಟಾರು ತೆಗೆದುಕೊಳ್ಳಿ. ಇದರ ಎರಡು ಕಾಂತಗಳು ನಿಮಿಷಕ್ಕೆ 1500 ಸುತ್ತು ಹೊಡೆಯುತ್ತವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ರೋಟರ್ ಮುಂದಕ್ಕೆ 1440 ಸುತ್ತಿನಲ್ಲಿ ಓಡುತ್ತಿದೆ. ಮುಂದಿನ ಕಾಂತಕ್ಕೆ ಹೋಲಿಸಿದರೆ ಅದು ನಿಮಿಷಕ್ಕೆ 60 ಸುತ್ತು ಮಾತ್ರ ಹಿಂದಿದೆ. ಹಿಂದಿನ ಕಾಂತಕ್ಕೆ ಹೋಲಿಸಿದರೆ 1500 ಮತ್ತು 1440 ಸೇರಿ 2940 ಸುತ್ತಿನ ವ್ಯತ್ಯಾಸ. ಹಾಗಾಗಿ ಮುಂದಿನ ಕಾಂತ ರೋಟರ್ ಸರಳಿನಲ್ಲಿ ಹುಟ್ಟಿಸುವ ಕರೆಂಟು ಸೆಕೆಂಡಿಗೆ 2 ಸಲ ದಿಕ್ಕು ಸುತ್ತುತ್ತದೆ, ಹಿಂದಿನ ಕಾಂತ ಹುಟ್ಟಿಸುವುದು 98 ಸಲ.

ಇಲ್ಲೇ ಗುಟ್ಟು ಇರುವುದು. 2 ಸಲದ ನಿಧಾನದ ಕರೆಂಟು ತನ್ನ ಕಾಂತದ ಜೊತೆ ಹೆಚ್ಚುಕಡಿಮೆ ಹೊಂದಿಕೊಂಡೇ ಏರಿಳಿಯುತ್ತದೆ, ಹಾಗಾಗಿ ಎಳೆತ ಚೆನ್ನಾಗಿ ಹಿಡಿಯುತ್ತದೆ. 98 ಸಲದ ಅವಸರದ ಕರೆಂಟಿಗೆ ಕಬ್ಬಿಣದ ಮಧ್ಯೆ ಇರುವ ಸರಳು ಅಡ್ಡಿ ಮಾಡುತ್ತದೆ. ಕರೆಂಟು ಹುಟ್ಟುತ್ತದೆ, ಆದರೆ ತಡವಾಗಿ ಏರುತ್ತದೆ. ಅದು ಏರುವ ಹೊತ್ತಿಗೆ ಕಾಂತ ಮುಂದೆ ಹೋಗಿಬಿಟ್ಟಿರುತ್ತದೆ. ಬಸ್ಸು ಹೋದ ಮೇಲೆ ಕೈ ಅಡ್ಡ ಹಾಕಿದ ಹಾಗೆ. ಅದೂ ಅಲ್ಲದೆ ಈ ಕರೆಂಟು ಹಿಂದಿನ ಕಾಂತವನ್ನೇ ಎದುರಿಸಿ ಅದನ್ನು ಕುಗ್ಗಿಸಿಬಿಡುತ್ತದೆ. ಪರಿಣಾಮ, ಓಡುವ ರೋಟರಿನ ಮೇಲೆ ಮುಂದಿನ ಕಾಂತದ್ದೇ ಕಾರುಬಾರು. ಹಿಂದಿನದು ಸ್ವಲ್ಪ ಬ್ರೇಕ್ ಹಾಕುತ್ತದೆ, ಸ್ವಲ್ಪ ಬಿಸಿ ಮಾಡುತ್ತದೆ, ಅಷ್ಟೇ.

ಈಗ ಭಾವಮೈದುನನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೈಯ ನೂಕು ಮೋಟಾರಿಗೆ ಶಕ್ತಿ ಕೊಡುವುದಿಲ್ಲ, ಎರಡು ಕಾಂತಗಳಲ್ಲಿ ಒಂದನ್ನು ಗೆಲ್ಲಿಸುತ್ತದೆ. ನೂಕು ಮುಂದಕ್ಕಾದರೆ ಮುಂದಿನದು ಗೆಲ್ಲುತ್ತದೆ, ಹಿಂದಕ್ಕಾದರೆ ಹಿಂದಿನದು. ರನ್ನಿಂಗ್ ವೈಂಡಿಂಗಿಗೆ ಮುಂದೆ–ಹಿಂದೆ ಅನ್ನುವುದೇ ಗೊತ್ತಿಲ್ಲ. ಇಷ್ಟು ವರ್ಷ ಅದು ಒಂದೇ ಕಡೆ ತಿರುಗಿದ್ದು ಇನ್ನೊಂದು ಸುರುಳಿಯ ದಯೆಯಿಂದ. ಆ ಸುರುಳಿಯ ದಾರಿ ಕಟ್ಟಾದ ದಿನದಿಂದ ದಿಕ್ಕು ಅವನ ಕೈಯಲ್ಲಿತ್ತು. ಕರೆಂಟು ಇರುವ ಮೋಟಾರನ್ನು ಕೈಯಲ್ಲಿ ತಿರುಗಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ಬ್ಲೇಡು, ಬೆಲ್ಟು, ಚಕ್ರ ಇರುವ ಮೆಷಿನ್ ಅಂದರಂತೂ ಬೇಡವೇ ಬೇಡ.

ಎರಡನೆಯ ಸುರುಳಿ

ರನ್ನಿಂಗ್ ವೈಂಡಿಂಗಿನ ಗೆರೆಗೆ ಅಡ್ಡಲಾಗಿ, ನಮ್ಮ ಕಟ್ಟೆಯ ಲೆಕ್ಕದಲ್ಲಿ ಉತ್ತರ–ದಕ್ಷಿಣಕ್ಕೆ, ಇನ್ನೊಂದು ಸುರುಳಿ ಕೂರಿಸಿರುತ್ತಾರೆ. ಇದು ಸ್ಟಾರ್ಟಿಂಗ್ ವೈಂಡಿಂಗ್. ಎರಡಕ್ಕೂ ಅದೇ 230 ವೋಲ್ಟ್. ಅಡ್ಡಲಾಗಿ ಕೂರಿಸಿದರೆ ಸಾಕು, ಕಾಂತ ತಿರುಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಸಾಲದು. ಎರಡೂ ಕರೆಂಟು ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಕಾಂತ ಪೂರ್ವ–ಪಶ್ಚಿಮದ ಬದಲು ಈಶಾನ್ಯ–ನೈಋತ್ಯದ ಗೆರೆಯಲ್ಲಿ ಹೋಗಿಬರುತ್ತದೆ. ಗೆರೆ ಓರೆಯಾಯಿತು, ಸುತ್ತು ಬರಲಿಲ್ಲ. ಸುತ್ತು ಬರಬೇಕಾದರೆ ಒಂದು ಮೊದಲು ಏರಬೇಕು, ಇನ್ನೊಂದು ಆಮೇಲೆ. ಆಗ ಕಾಂತದ ತುದಿ ಮೊದಲು ಉತ್ತರಕ್ಕೆ, ನಂತರ ಪೂರ್ವಕ್ಕೆ, ನಂತರ ದಕ್ಷಿಣಕ್ಕೆ ಹೀಗೆ ಹೆಜ್ಜೆ ಹಾಕುತ್ತದೆ. ಹೊತ್ತು ಬೇರೆಯಾದ ಎರಡು ಕರೆಂಟಿನಿಂದ ಕಾಂತವನ್ನು ಸುತ್ತಿಸಬಹುದು ಅಂತ 1885ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮಾಡಿ ತೋರಿಸಿದವರು ಗೆಲಿಲಿಯೋ ಫೆರಾರಿಸ್. ಅವರ ಬರಹ ಪ್ರಕಟವಾದ 1888ರಲ್ಲೇ ಅಮೆರಿಕದಲ್ಲಿ ಟೆಸ್ಲಾ ಅವರ ಮೋಟಾರಿನ ಪೇಟೆಂಟುಗಳೂ ಬಂದವು.

ಆದರೆ ನಮ್ಮ ಮನೆಗೆ ಬರುವುದು ಒಂದೇ ಫೇಸು. ಒಂದೇ ವೋಲ್ಟೇಜಿನಿಂದ ಹೊತ್ತು ಬೇರೆಯಾದ ಎರಡು ಕರೆಂಟು ಹೇಗೆ ತೆಗೆಯುವುದು? ಇದಕ್ಕೆ ಮಾಡಿರುವ ಉಪಾಯ ನೋಡಿ.

ಹುಲ್ಲು ತುಂಬಿದ ಗಾಡಿಯನ್ನು ಟಾರ್ ರೋಡಿನಲ್ಲಿ ಮುಂದೆ ನೂಕಿ, ಹಿಂದೆ ಎಳೆದು, ಹೀಗೆ ಮಾಡುತ್ತಿದ್ದೀರಿ ಅಂದುಕೊಳ್ಳಿ. ನೀವು ಹಿಂದಕ್ಕೆ ಎಳೆಯಲು ಶುರು ಮಾಡಿದರೂ ಗಾಡಿ ಇನ್ನೂ ಮುಂದಕ್ಕೇ ಹೋಗುತ್ತಿರುತ್ತದೆ. ಅದರ ಓಟ ನಿಮ್ಮ ಬಲಕ್ಕಿಂತ ತಡ. ಅದೇ ಒಂದು ಮೂಟೆಯನ್ನು ಒರಟು ನೆಲದ ಮೇಲೆ ತಳ್ಳಿದರೆ, ತಳ್ಳಿದಾಗ ಸರಿಯುತ್ತದೆ, ಬಿಟ್ಟ ತಕ್ಷಣ ನಿಲ್ಲುತ್ತದೆ. ತಡವೇ ಇಲ್ಲ. ದಪ್ಪ ವೈರು, ಹೆಚ್ಚು ಸುತ್ತು, ಕಬ್ಬಿಣದ ಗಾಡಿಯೊಳಗೆ ಆಳವಾಗಿ ಕೂತ ಸುರುಳಿ ಗಾಡಿಯ ಹಾಗೆ, ಕರೆಂಟು ತಡವಾಗಿ ಏರುತ್ತದೆ. ತೆಳು ವೈರು, ಕಡಿಮೆ ಸುತ್ತಿನ ಸುರುಳಿ ಮೂಟೆಯ ಹಾಗೆ. ಅದರಲ್ಲಿ ತಿಕ್ಕಾಟ ಅಂದರೆ ರೆಸಿಸ್ಟೆನ್ಸ್ ಹೆಚ್ಚು, ಕರೆಂಟು ಬೇಗ ಏರುತ್ತದೆ. ಸ್ಟಾರ್ಟಿಂಗ್ ವೈಂಡಿಂಗನ್ನು ಬೇಕೆಂದೇ ತೆಳು ವೈರಿನಲ್ಲಿ ಸುತ್ತುವುದು ಇದಕ್ಕೇ. ತಾಮ್ರ ಉಳಿಸಲು ಅಂತ ತಿಳಿದು ದಪ್ಪ ವೈರು ಹಾಕಿ ‘ಗಟ್ಟಿ’ ಮಾಡಿಕೊಟ್ಟ ವೈಂಡರ್ ಒಬ್ಬರನ್ನು ನಾನು ಬಲ್ಲೆ. ಆ ಮೋಟಾರು ಮೊದಲಿಗಿಂತ ನಿಧಾನವಾಗಿ ಎದ್ದಿತು.

ಲೆಕ್ಕ ಹಾಕಿ ನೋಡೋಣ

ನನ್ನ ಅಂಗಡಿಯಲ್ಲಿ ಉಳಿದಿದ್ದ ಹಳೆಯ ಅರ್ಧ ಎಚ್‌ಪಿ ಬ್ಲೋವರ್ ಮೋಟಾರು ಒಂದಿದೆ, ಕಂಡೆನ್ಸರ್ ಇಲ್ಲದ ಬರೀ ಸ್ಪ್ಲಿಟ್ ಫೇಸಿನದು. ಪಕ್ಕದ ತೋಟದವರು ಅದನ್ನು ಸಣ್ಣ ಮೇವಿನ ಮೆಷಿನ್ನಿಗೆ ಹಾಕಿಕೊಂಡರು. ಖಾಲಿ ಇದ್ದರೆ ಎದ್ದಿತು, ಬಾಯಲ್ಲಿ ಜೋಳದ ದಂಟು ಉಳಿದಿದ್ದರೆ ಗುಂಯ್. ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ರೋಟರ್ ನಿಂತಿರುವಾಗ ರನ್ನಿಂಗ್ ವೈಂಡಿಂಗಿನ ರೆಸಿಸ್ಟೆನ್ಸ್ 9 ಓಮ್, ಕರೆಂಟನ್ನು ತಡ ಮಾಡುವ ರಿಯಾಕ್ಟೆನ್ಸ್ 14 ಓಮ್. ಎರಡೂ ಸೇರಿ ಅಡ್ಡಿ ಸುಮಾರು 16.6 ಓಮ್, ಹಾಗಾಗಿ 230 ವೋಲ್ಟಿಗೆ 13.8 ಆಂಪಿಯರ್ ಹರಿಯುತ್ತದೆ, ವೋಲ್ಟೇಜಿಗಿಂತ 57 ಡಿಗ್ರಿ ತಡವಾಗಿ. ಸ್ಟಾರ್ಟಿಂಗ್ ವೈಂಡಿಂಗಿನದು ರೆಸಿಸ್ಟೆನ್ಸ್ 24, ರಿಯಾಕ್ಟೆನ್ಸ್ 12. ಅದರಲ್ಲಿ ಹರಿಯುವುದು 8.6 ಆಂಪಿಯರ್, ತಡ 27 ಡಿಗ್ರಿ ಮಾತ್ರ. ಎರಡು ಕರೆಂಟಿನ ನಡುವೆ ಸುಮಾರು 30 ಡಿಗ್ರಿ ಅಂತರ. ನಮ್ಮ ಕರೆಂಟಿನ ಒಂದು ಪೂರ್ತಿ ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ 20 ಪಾಲು ಹೊತ್ತು, ಹಾಗಾಗಿ ಈ ಅಂತರ 1.7 ಪಾಲು. ಇಷ್ಟು ಚಿಕ್ಕ ಹೊತ್ತಿನ ವ್ಯತ್ಯಾಸವೇ ಚಕ್ರವನ್ನು ಎಬ್ಬಿಸುವುದು.

ನಿಂತ ಮೋಟಾರಿನ ತಿರುಗುಬಲ, ಅಂದರೆ ಸ್ಟಾರ್ಟಿಂಗ್ ಟಾರ್ಕ್, ಎರಡು ಕರೆಂಟುಗಳ ಗುಣಲಬ್ಧವನ್ನೂ ಅವುಗಳ ಅಂತರವನ್ನೂ ಅವಲಂಬಿಸುತ್ತದೆ. ಅಂತರ 90 ಡಿಗ್ರಿ ಇದ್ದರೆ ಪೂರ್ತಿ ಫಲ, 30 ಡಿಗ್ರಿ ಇದ್ದರೆ ಅರ್ಧ, ಸೊನ್ನೆ ಇದ್ದರೆ ಏನೂ ಇಲ್ಲ. ನಮ್ಮ ಬ್ಲೋವರ್ ಮೋಟಾರಿಗೆ ಸಿಗುತ್ತಿರುವುದು ಅರ್ಧ ಫಲ. ಇದನ್ನೇ ಎರಡು ಕಾಂತಗಳ ಮಾತಿನಲ್ಲಿ ಹೇಳುವುದಾದರೆ, ರನ್ನಿಂಗ್ ವೈಂಡಿಂಗ್ ಒಂದೇ ಇದ್ದಾಗ ಮುಂದಿನ ಕಾಂತ, ಹಿಂದಿನ ಕಾಂತ 50ಕ್ಕೆ 50. ಸ್ಟಾರ್ಟಿಂಗ್ ವೈಂಡಿಂಗ್ ಸೇರಿದಾಗ, ಸುತ್ತುಗಳ ಲೆಕ್ಕವನ್ನೂ ಹಿಡಿದರೆ, 62ಕ್ಕೆ 38 ಆಗುತ್ತದೆ. ಹಿಂದಿನ ಕಾಂತ ಇನ್ನೂ ಇದೆ, ಆದರೆ ಸೋಲುತ್ತಿದೆ. ಸ್ಟಾರ್ಟಿಂಗ್ ವೈಂಡಿಂಗಿನ ಕೆಲಸ ಇಷ್ಟೇ, ಹಗ್ಗಜಗ್ಗಾಟದ ಒಂದು ಕಡೆಯವರನ್ನು ಬಲ ಮಾಡಿ ಇನ್ನೊಂದು ಕಡೆಯವರನ್ನು ಸೊರಗಿಸುವುದು.

ಈಗ ಸ್ಟಾರ್ಟಿಂಗ್ ವೈಂಡಿಂಗಿನ ದಾರಿಯಲ್ಲಿ 120 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಸೇರಿಸೋಣ. ಸುರುಳಿ ಕರೆಂಟನ್ನು ತಡ ಮಾಡಿದರೆ ಕಂಡೆನ್ಸರ್ ಮುಂಚೆ ಮಾಡುತ್ತದೆ. ಲೆಕ್ಕ ಹಾಕಿದರೆ ಸ್ಟಾರ್ಟಿಂಗ್ ಕರೆಂಟು 8.2 ಆಂಪಿಯರ್, ವೋಲ್ಟೇಜಿಗಿಂತ 31 ಡಿಗ್ರಿ ಮುಂಚೆ. ಅಂತರ 88 ಡಿಗ್ರಿ ಆಯಿತು, ಬಹುತೇಕ ಪೂರ್ತಿ ಫಲ. ತಿರುಗುಬಲ ಮೊದಲಿನ 1.9 ಪಟ್ಟು. ಮುಂದಿನ–ಹಿಂದಿನ ಕಾಂತ 78ಕ್ಕೆ 22. ಇನ್ನೊಂದು ಲಾಭವೂ ಇದೆ. ಮೊದಲು ಎರಡು ಸುರುಳಿ ಸೇರಿ ಲೈನಿನಿಂದ 21.6 ಆಂಪಿಯರ್ ಎಳೆಯುತ್ತಿದ್ದವು, ಈಗ ಸುಮಾರು 16. ಎರಡು ಕರೆಂಟೂ ಬೇರೆ ಬೇರೆ ಹೊತ್ತಿನಲ್ಲಿ ಏರುವುದರಿಂದ ಹೀಗಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಮನೆಗಳಲ್ಲಿ ಇದು ದೊಡ್ಡ ವಿಷಯ. ಅಲ್ಲಿ ವೋಲ್ಟೇಜ್ 170ಕ್ಕೆ ಇಳಿದರೆ ತಿರುಗುಬಲ 230ರಲ್ಲಿ ಇದ್ದುದರ 55 ಪಾಲಿಗೆ ಇಳಿಯುತ್ತದೆ, ಯಾಕೆಂದರೆ ವೋಲ್ಟೇಜ್ ಇಳಿದಾಗ ಎರಡೂ ಸುರುಳಿಯ ಕರೆಂಟು ಇಳಿಯುತ್ತದೆ, ಬಲ ಅವೆರಡರ ಗುಣಲಬ್ಧ. ಬೆಳಗ್ಗೆ ಏಳುವ ಮೋಟಾರು ಸಂಜೆ ಎಲ್ಲರ ಮನೆ ಲೋಡು ಬಿದ್ದಾಗ ಏಳದೆ ಇರುವುದು ಇದಕ್ಕೇ.

‘ಯಾವುದಾದರೂ ಒಂದು ಕಂಡೆನ್ಸರ್ ಹಾಕಿದರಾಯಿತು’ ಅನ್ನುವವರು ಇದನ್ನು ನೋಡಿ. ಅದೇ ಮೋಟಾರಿಗೆ ಮನೆಯಲ್ಲಿ ಬಿದ್ದಿದ್ದ 36 ಮೈಕ್ರೋಫ್ಯಾರಡ್‌ನದು ಹಾಕಿದರೆ ಸ್ಟಾರ್ಟಿಂಗ್ ಕರೆಂಟು 2.9 ಆಂಪಿಯರ್‌ಗೆ ಇಳಿಯುತ್ತದೆ, ಅಂತರ 130 ಡಿಗ್ರಿಗೆ ಹೋಗಿ ಅದೂ ಹೆಚ್ಚಾಗುತ್ತದೆ. ಸಿಗುವ ತಿರುಗುಬಲ ಕಂಡೆನ್ಸರೇ ಇಲ್ಲದಾಗ ಇದ್ದುದರ ಅರ್ಧ! ಹಾಕದೇ ಇದ್ದಿದ್ದರೇ ವಾಸಿ. ಹಳೆಯ ಕಂಡೆನ್ಸರ್ ಒಣಗಿ ಸಾಮರ್ಥ್ಯ ಇಳಿದಾಗ ಆಗುವುದೂ ಇದೇ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಮೋಟಾರು ಮಾತ್ರ ಏಳುವುದಿಲ್ಲ.

ಟಕ್ ಸದ್ದು ಕೇಳಿಸಿಕೊಳ್ಳಿ

ತೆಳು ವೈರಿನ ಸುರುಳಿಯಲ್ಲಿ 8.6 ಆಂಪಿಯರ್ ಹರಿಯುವುದು ಹುಡುಗಾಟವಲ್ಲ. ಅದರ ತಾಮ್ರದ ರೆಸಿಸ್ಟೆನ್ಸ್ 20 ಓಮ್ ಅಂತ ಹಿಡಿದರೆ ಹುಟ್ಟುವ ಬಿಸಿ ಸುಮಾರು 1500 ವ್ಯಾಟ್, ಬಕೆಟ್ ನೀರು ಕಾಯಿಸುವ ಕಾಯಿಲಿನಷ್ಟು. ಕಾಯಿಲಿಗೆ ಸುತ್ತ ನೀರಿದೆ, ಇದಕ್ಕೆ ಇರುವುದು ವಾರ್ನಿಷ್ ಮಾತ್ರ. ಹಾಗಾಗಿ ಮೋಟಾರು ಮುಕ್ಕಾಲು ವೇಗ ಮುಟ್ಟಿದ ಮೇಲೆ, 1500ರ ಮೋಟಾರಿನಲ್ಲಿ ಸುಮಾರು 1100 ಸುತ್ತಿಗೆ, ಸ್ಟಾರ್ಟಿಂಗ್ ವೈಂಡಿಂಗನ್ನು ಕಡಿದು ಹಾಕಲು ಶಾಫ್ಟಿನ ಮೇಲೆ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ವೇಗ ಏರಿದಾಗ ಅದರ ಗುಂಡುಗಳು ಹೊರಕ್ಕೆ ಸರಿದು ಕಾಂಟ್ಯಾಕ್ಟ್ ಬಿಡಿಸುತ್ತವೆ. ಅಷ್ಟು ಹೊತ್ತಿಗೆ ರೋಟರ್ ಓಡುತ್ತಿರುವುದರಿಂದ ಹಿಂದಿನ ಕಾಂತ ಆಗಲೇ ಸೋತಿರುತ್ತದೆ, ಸಹಾಯ ಬೇಕಿಲ್ಲ.

ಮೋಟಾರು ಆರಿಸಿದಾಗ ಕಿವಿಗೊಟ್ಟು ಕೇಳಿ. ವೇಗ ಇಳಿಯುತ್ತಾ ಬಂದು ಒಂದು ಹಂತದಲ್ಲಿ ಟಕ್ ಅಂತ ಸದ್ದು ಬರಬೇಕು. ಅದು ಸ್ವಿಚ್ ಮುಂದಿನ ಸಲಕ್ಕೆ ತಯಾರಾಗಿ ಕೂತ ಸದ್ದು. ಟಕ್ ಬರದಿದ್ದರೆ ಎರಡರಲ್ಲಿ ಒಂದು. ಕಾಂಟ್ಯಾಕ್ಟ್ ಬಿಟ್ಟುಕೊಂಡೇ ಉಳಿದಿದ್ದರೆ ಮುಂದಿನ ಸಲ ಗುಂಯ್. ಅಂಟಿಕೊಂಡೇ ಉಳಿದಿದ್ದರೆ ಮೋಟಾರು ಓಡುತ್ತದೆ, ಆದರೆ ಸದ್ದು ಒರಟಾಗಿ, ಕೆಲವೇ ನಿಮಿಷದಲ್ಲಿ ವಾರ್ನಿಷ್ ವಾಸನೆ ಬರುತ್ತದೆ. ಎರಡನೆಯದು ಹೆಚ್ಚು ಖರ್ಚಿನದು. ಸ್ಟಾರ್ಟ್ ಕಂಡೆನ್ಸರ್ ಕೂಡ ಕೆಲವು ಸೆಕೆಂಡಿನ ಕೆಲಸಕ್ಕಷ್ಟೇ ಮಾಡಿದ್ದು, ಹೆಚ್ಚು ಹೊತ್ತು ಉಳಿದರೆ ಉಬ್ಬಿ ಒಡೆಯುತ್ತದೆ. ಇಲ್ಲೊಂದು ಮಾತು, ಸೀಲಿಂಗ್ ಫ್ಯಾನಿನಲ್ಲಿ ಮತ್ತು ಕೆಲವು ಪಂಪುಗಳಲ್ಲಿ ಕಂಡೆನ್ಸರ್ ಯಾವಾಗಲೂ ಸೇರಿಕೊಂಡೇ ಇರುತ್ತದೆ, ಸ್ವಿಚ್ ಇರುವುದಿಲ್ಲ. ಅವುಗಳಲ್ಲಿ ಟಕ್ ಹುಡುಕಬೇಡಿ.

ನಿಮ್ಮ ಮೋಟಾರು ಗುಂಯ್ ಅಂದರೆ ಮೊದಲು ಆರಿಸಿ. ನಿಂತ ಮೋಟಾರಿನ ರನ್ನಿಂಗ್ ವೈಂಡಿಂಗ್ ಎಳೆಯುವ 13.8 ಆಂಪಿಯರ್, ಪೂರ್ತಿ ಲೋಡಿನ ಕರೆಂಟು 4 ಆಂಪಿಯರ್ ಅಂತ ಹಿಡಿದರೂ, ಹನ್ನೆರಡು ಪಟ್ಟು ಬಿಸಿ. ‘ಇನ್ನೊಂದು ಸಲ ನೋಡೋಣ’ ಅಂತ ಸ್ವಿಚ್ ಹಾಕಿ ಕಾಯುವುದು ಸುರುಳಿ ಸುಡುವ ದಾರಿ. ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿ, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ. ಬಿಗಿ ಇದ್ದರೆ ಕಾಯಿಲೆ ಬೇರಿಂಗಿನದು ಅಥವಾ ಮೆಷಿನ್ನಿನದು, ಕರೆಂಟಿನದಲ್ಲ. ಸಲೀಸಾಗಿ ತಿರುಗಿದರೆ ಸ್ಟಾರ್ಟಿಂಗ್ ವೈಂಡಿಂಗಿನ ದಾರಿ ಕಟ್ಟಾಗಿದೆ ಅಂತಲೇ ತಿಳಿಯಿರಿ. ಆ ದಾರಿಯಲ್ಲಿ ಇರುವುದು ಮೂರೇ, ಕಂಡೆನ್ಸರ್, ಸ್ವಿಚ್, ಸುರುಳಿ.

ಕಂಡೆನ್ಸರ್ ಮುಟ್ಟುವ ಮೊದಲು ಅದರ ಎರಡು ತುದಿಗೆ ಹಳೆಯ 60 ವ್ಯಾಟಿನ ಫಿಲಮೆಂಟ್ ಬಲ್ಬಿನ ವೈರು ತಗುಲಿಸಿ ಒಳಗಿನ ಚಾರ್ಜ್ ಇಳಿಸಿಕೊಳ್ಳಿ. ಸ್ಕ್ರೂಡ್ರೈವರ್ ಅಡ್ಡ ಹಾಕಿ ಕಿಡಿ ಹಾರಿಸುವುದು ಬೇಡ. ಕಂಡೆನ್ಸರ್ ಬಿಚ್ಚಿ ಮೈಕ್ರೋಫ್ಯಾರಡ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿ, ಮೈಮೇಲೆ ಬರೆದಿರುವುದಕ್ಕಿಂತ ತೀರಾ ಕಡಿಮೆ ಬಂದರೆ ಅದೇ ಅಳತೆಯದು, ಸ್ಟಾರ್ಟ್ ಮಾಡುವುದಕ್ಕೇ ಅಂತ ಬರುವುದು, ಹೊಸದು ತನ್ನಿ. ಕಂಡೆನ್ಸರ್ ಸರಿ ಇದ್ದರೆ ಸ್ವಿಚ್ ಮತ್ತು ಸುರುಳಿ ಸೇರಿದ ದಾರಿಯನ್ನು ಓಮ್‌ನಲ್ಲಿ ಅಳೆಯಿರಿ. ನನ್ನ ಬ್ಲೋವರ್ ಮೋಟಾರಿನಲ್ಲಿ ರನ್ನಿಂಗ್ 4.5, ಸ್ಟಾರ್ಟಿಂಗ್ 20 ಬರುತ್ತದೆ. ಲೆಕ್ಕದಲ್ಲಿ ಹೇಳಿದ 9 ಮತ್ತು 24 ಇಲ್ಲಿ ಕಾಣುವುದಿಲ್ಲ, ಯಾಕೆಂದರೆ ಅದರಲ್ಲಿ ರೋಟರಿನ ಪಾಲೂ ಸೇರಿತ್ತು, ಮೀಟರು ತೋರಿಸುವುದು ತಾಮ್ರ ಮಾತ್ರ. ಸ್ಟಾರ್ಟಿಂಗ್ ದಾರಿ ಪೂರ್ತಿ ಕಟ್ ಅಂತ ತೋರಿಸಿದರೆ ಹಿಂದಿನ ಮುಚ್ಚಳ ತೆಗೆದು ಸ್ವಿಚ್ಚಿನ ಕಾಂಟ್ಯಾಕ್ಟ್ ನೋಡಿ. ಕೊಟ್ಟಿಗೆಯ ಮೋಟಾರುಗಳಲ್ಲಿ ಹತ್ತಕ್ಕೆ ಆರು ಸಲ ನನಗೆ ಸಿಕ್ಕಿದ್ದು ಅಲ್ಲಿ ಕೂತ ಮೇವಿನ ಧೂಳು ಅಥವಾ ಕಪ್ಪಾದ ಕಾಂಟ್ಯಾಕ್ಟ್. ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿ, ಧೂಳು ಊದಿ ತೆಗೆದರೆ ಸಾಕಾಗುತ್ತದೆ. ಅದೂ ಸರಿ ಇದ್ದು ಸುರುಳಿಯೇ ಕಟ್ಟಾಗಿದ್ದರೆ ವೈಂಡಿಂಗ್ ಅಂಗಡಿಗೆ ಒಯ್ಯಲೇಬೇಕು. ಸ್ಟಾರ್ಟಿಂಗ್ ಸುರುಳಿಯನ್ನು ಮೊದಲಿದ್ದ ಗೇಜಿನಲ್ಲೇ, ಮೊದಲಿದ್ದಷ್ಟೇ ಸುತ್ತು ಹಾಕಿಸಿ.

ಭಾವಮೈದುನನ ಮೋಟಾರಿನಲ್ಲಿ ಕೆಟ್ಟಿದ್ದು ಕಂಡೆನ್ಸರ್. ಬದಲಿಸಿ ಸ್ವಿಚ್ ಹಾಕಿದಾಗ ಎದ್ದಿತು, ಆದರೆ ಹಿಂದಕ್ಕೆ! ಬಿಚ್ಚುವಾಗ ಯಾರೋ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿ ಅದಲುಬದಲು ಮಾಡಿದ್ದರು. ಅದರಿಂದ ಅಡ್ಡ ಸುರುಳಿಯ ಕಾಂತ ಉತ್ತರದ ಬದಲು ದಕ್ಷಿಣದಿಂದ ಹೆಜ್ಜೆ ಶುರು ಮಾಡಿ ಹಿಂದಿನ ಕಾಂತವನ್ನು ಬಲ ಮಾಡಿತ್ತು. ಮೇನ್ ಪ್ಲಗ್ಗಿನ ಫೇಸ್–ನ್ಯೂಟ್ರಲ್ ತಿರುಗಿಸಿ ಹಾಕಿದರೆ ಸರಿಹೋಗುತ್ತಾ ಅಂತ ಅವನು ಕೇಳಿದ. ಹೋಗುವುದಿಲ್ಲ, ಎರಡೂ ಸುರುಳಿ ಒಟ್ಟಿಗೇ ತಿರುಗುಮುರುಗಾಗಿ ದಿಕ್ಕು ಅದೇ ಉಳಿಯುತ್ತದೆ. ಪ್ಲಗ್ ಕಿತ್ತು ಸ್ಟಾರ್ಟಿಂಗಿನ ಎರಡು ತುದಿಯನ್ನಷ್ಟೇ ಬದಲಿಸಿದೆವು. ಈಗ ಚಕ್ರ ಸರಿಯಾದ ಕಡೆಗೆ ತಾನಾಗಿ ಏಳುತ್ತದೆ. ಚಕ್ರದ ಮೇಲೆ ಒಂದು ತಗಡಿನ ಮುಚ್ಚಳವನ್ನೂ ಮಾಡಿಸಿ ಹಾಕಿದ್ದಾನೆ, ಕೈಯಲ್ಲಿ ನೂಕಬೇಕೆಂದರೂ ಇನ್ನು ಕೈ ಹೋಗುವುದಿಲ್ಲ.